‘ಅಜಹು’ ಅಂದರೆ ಸ್ನಾನ ಮಾಡಿದೆನೋ, ಮಾಡುತ್ತಿದ್ದೇನೆಯೋ?

ಕಳೆದ ತಿಂಗಳು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಸಂದೇಶ ತಂದು ಹಾಕಿದರು. ‘ಕಾಲವೇ ಇಲ್ಲದ ಭಾಷೆ! ಇವರಿಗೆ ನಿನ್ನೆಯೂ ಇಲ್ಲ, ನಾಳೆಯೂ ಇಲ್ಲ!’ ಚಿಕ್ಕಪ್ಪನ ಮಗಳು ಅದರ ಕೆಳಗೆ ನನ್ನ ಹೆಸರು ಹಾಕಿ, ‘ಅಣ್ಣ, ನೀನು ಪರಾಗ್ವೆಗೆ ಹೋಗಿ ಕೂತಿದ್ದು ಇದಕ್ಕೇನಾ?’ ಎಂದು ಕೇಳಿದಳು. ಇದಕ್ಕೇ. ಅಲ್ಲಿನ ಗ್ವಾರಾನಿ ಭಾಷೆಯ ವ್ಯಾಕರಣ ತಿಳಿಯಲು ಕೂತಿದ್ದಾಗ ನನ್ನ ಮಾರ್ಗದರ್ಶಕಿಗೆ ಬರೆದಿದ್ದ ಒಂದು ಪತ್ರ ಹುಡುಕಿ ಅವಳಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: ‘ನಾಲ್ಕನೇ ಸಾಲಿಗೇ ಸುಸ್ತು.’

ಅದೇ ಪತ್ರವನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ. ಪತ್ರ ಶುರುವಾಗುವುದು ಹೀಗೆ:

‘ಮೇಡಂ, ನಮಸ್ಕಾರ. ಬಂದು ಮೂರು ವಾರ ಆಯಿತು. ಗ್ವಾರಾನಿಯಲ್ಲಿ ಭೂತಕಾಲದ ಪ್ರತ್ಯಯ ಸಿಕ್ಕಿತು ಅಂತ ಮೊದಲ ವಾರ ನಿಮಗೆ ಬರೆದಿದ್ದೆನಲ್ಲ, ಅದನ್ನು ದಯವಿಟ್ಟು ಹರಿದುಹಾಕಿ.’

ಒಂದು ಪದ, ಎರಡು ಅರ್ಥ

ವಾಟ್ಸಾಪ್ ಸಂದೇಶ ಎಡವಿದ್ದು ‘ಕಾಲ’ ಎಂಬ ಪದದಲ್ಲಿ. ಗಡಿಯಾರ ತೋರಿಸುವುದೂ ಕಾಲವೇ, ವ್ಯಾಕರಣದ ಪುಸ್ತಕದಲ್ಲಿ ಭೂತ, ವರ್ತಮಾನ, ಭವಿಷ್ಯತ್ ಎಂದು ಓದುವುದೂ ಕಾಲವೇ. ಮೊದಲನೆಯದು ಲೋಕದಲ್ಲಿದೆ. ಎರಡನೆಯದು ಕ್ರಿಯಾಪದದಲ್ಲಿದೆ. ‘ಮಾಡಿದೆನು’ ಎಂಬುದನ್ನು ಒಡೆದರೆ ಮಾಡು, ದ, ಎನು ಎಂದು ಮೂರು ತುಂಡು ಸಿಗುತ್ತವೆ. ನಡುವಿನ ‘ದ’ ಕೆಲಸ ಆಗಲೇ ಮುಗಿದಿದೆ ಎನ್ನುತ್ತದೆ, ಕೊನೆಯ ‘ಎನು’ ಮಾಡಿದವನು ನಾನು ಎನ್ನುತ್ತದೆ. ಈ ಲೇಖನದಲ್ಲಿ ಲೋಕದ ಕಾಲವನ್ನು ಸಮಯ ಎಂದೂ ಕ್ರಿಯಾಪದದ ಆ ತುಂಡನ್ನು ಕಾಲಪ್ರತ್ಯಯ ಎಂದೂ ಕರೆಯುತ್ತೇನೆ.

ಗ್ವಾರಾನಿ ಪರಾಗ್ವೆಯ ಬಹುಪಾಲು ಜನ ಆಡುವ ಭಾಷೆ. 1992ರ ಸಂವಿಧಾನದಿಂದ ಸ್ಪ್ಯಾನಿಷ್ ಜೊತೆಗೆ ಅದೂ ಆ ದೇಶದ ಅಧಿಕೃತ ಭಾಷೆ. ಅಲ್ಲಿ ‘ಜಹು’ ಎಂದರೆ ಸ್ನಾನ ಮಾಡು. ಮುಂದೆ ‘ಅ’ ಸೇರಿಸಿದರೆ ನಾನು, ‘ರೆ’ ಸೇರಿಸಿದರೆ ನೀನು, ‘ಒ’ ಸೇರಿಸಿದರೆ ಅವನು ಅಥವಾ ಅವಳು. ‘ಅಜಹು’ ಎಂಬುದರಲ್ಲಿ ಇರುವುದು ‘ನಾನು’ ಮತ್ತು ‘ಸ್ನಾನ’ ಮಾತ್ರ. ಮೂರನೇ ತುಂಡೇ ಇಲ್ಲ. ಮಾಡಿದೆ ಎಂದೂ ಆಗಬಹುದು, ಮಾಡುತ್ತಿದ್ದೇನೆ ಎಂದೂ ಆಗಬಹುದು.

ಹಾಗಂತ ಅವರಿಗೆ ನಿನ್ನೆ, ನಾಳೆ ಇಲ್ಲದೆ ಏನಿಲ್ಲ. ನಿನ್ನೆಗೆ ‘ಕುವೆಹೆ’ ಅನ್ನುತ್ತಾರೆ, ನಾಳೆಗೆ ‘ಕೋಎರೋ’. ಎರಡನೆಯದನ್ನು ಬಿಡಿಸಿದರೆ ‘ಬೆಳಗಾದರೆ’ ಎಂಬ ಅರ್ಥ ಬರುತ್ತದೆ. ಯಾವಾಗ ಎಂಬುದನ್ನು ಬೇಕಾದಾಗ ಬೇರೆ ಪದದಲ್ಲಿ ಹೇಳುತ್ತಾರೆ, ಬೇಡವಾದಾಗ ಸಂದರ್ಭಕ್ಕೆ ಬಿಡುತ್ತಾರೆ.

ನಮ್ಮ ಮನೆಯಲ್ಲೇ ಇರುವ ಉದಾಹರಣೆ

ಇದು ವಿಚಿತ್ರ ಅನ್ನಿಸಿದರೆ ನನ್ನ ತಂಗಿಯ ಉತ್ತರವನ್ನೇ ನೋಡಿ: ‘ನಾಲ್ಕನೇ ಸಾಲಿಗೇ ಸುಸ್ತು.’ ಅದರಲ್ಲಿ ಕ್ರಿಯಾಪದವೇ ಇಲ್ಲ, ಕಾಲಪ್ರತ್ಯಯ ಎಲ್ಲಿಂದ ಬರಬೇಕು? ‘ನಿನ್ನೆ ನನಗೆ ಜ್ವರ, ಅದಕ್ಕೇ ಬರಲಿಲ್ಲ’ ಅನ್ನುತ್ತೇವೆ. ‘ನನಗೆ ಜ್ವರ, ಮುಟ್ಟಬೇಡ’ ಎಂದೂ ಅನ್ನುತ್ತೇವೆ. ‘ನನಗೆ ಜ್ವರ’ ಎರಡಕ್ಕೂ ಒಂದೇ, ಆದರೂ ಯಾರೂ ಗೊಂದಲಕ್ಕೆ ಬೀಳುವುದಿಲ್ಲ. ಗ್ವಾರಾನಿಯಲ್ಲಿ ‘ಶೆ ಕನೆಓ’ ಅಂದರೆ ‘ನನಗೆ ಸುಸ್ತು’. ಅದೂ ಹೀಗೇ.

ಇನ್ನೂ ಹತ್ತಿರದ ಸಾಕ್ಷಿ ಹಳೆಯ ಕನ್ನಡದ ನಿಷೇಧರೂಪ. ‘ಅರಿಯೆ’, ‘ಒಲ್ಲೆ’, ‘ಮಾಡೆನು’. ಇವುಗಳಲ್ಲಿ ಧಾತು ಇದೆ, ‘ನಾನು’ ಎಂಬ ಸೂಚನೆ ಇದೆ, ನಡುವೆ ಕಾಲಪ್ರತ್ಯಯ ಇಲ್ಲ. ‘ಮಾಡೆನು’ ಅಂದರೆ ಮಾಡಲಿಲ್ಲ, ಮಾಡುತ್ತಿಲ್ಲ, ಮಾಡುವುದಿಲ್ಲ, ಎಲ್ಲವೂ ಆಗಬಹುದು. ಇದು ನಮ್ಮ ವ್ಯಾಕರಣಕಾರರಿಗೆ ಹೊಸ ಸಂಗತಿಯಲ್ಲ. ಪರಾಗ್ವೆಯಲ್ಲಿ ಗ್ವಾರಾನಿ ಹೇಳಿಕೊಟ್ಟ ಅಜ್ಜಿಯ ಮುಂದೆ ಕೂತಾಗ ನನಗೆ ನೆನಪಾಗಲಿಲ್ಲ, ಅಷ್ಟೇ.

ಇದಕ್ಕೆ ಪ್ರತಿಯಾಗಿ ನಾವು ಹೇಳದೆ ಬಿಡುವ ಒಂದನ್ನು ಗ್ವಾರಾನಿ ಹೇಳಿಯೇ ತೀರುತ್ತದೆ. ‘ನಾವು ಊಟಕ್ಕೆ ಹೋಗ್ತಿದ್ದೀವಿ’ ಅಂದಾಗ ಎದುರಿಗಿದ್ದವನೂ ಆ ‘ನಾವು’ ಒಳಗೆ ಇದ್ದಾನೋ ಇಲ್ಲವೋ ಕನ್ನಡ ಹೇಳುವುದಿಲ್ಲ. ತೆಲುಗಿನಲ್ಲಿ ಮನಂ, ಮೇಮು ಎಂದು ಎರಡಿವೆ. ಗ್ವಾರಾನಿಯಲ್ಲೂ ಎರಡು: ನೀನೂ ಸೇರಿದರೆ ‘ಞಂದೆ’, ನೀನು ಸೇರದಿದ್ದರೆ ‘ಓರೆ’. ನಮ್ಮಲ್ಲಿ ಆ ಭೇದ ಇಲ್ಲ ಎಂದು ಯಾರನ್ನು ಊಟಕ್ಕೆ ಕರೆದಿದ್ದೇವೆ ಎಂಬುದು ಕನ್ನಡಿಗರಿಗೆ ತಿಳಿಯುವುದಿಲ್ಲ ಅನ್ನೋಕಾಗುತ್ತದೆಯೇ?

ಪಟ್ಟಿ ಹಿಡಿದು ಹೋದ ಮೊದಲ ವಾರ

ಒಂದು ಭಾಷೆಯ ವ್ಯಾಕರಣ ತಿಳಿಯಲು ಅದನ್ನಾಡುವವರ ಎದುರು ಕೂತು ಪ್ರಶ್ನೆ ಕೇಳಿ ವಾಕ್ಯ ಪಡೆಯುವುದು ಕ್ಷೇತ್ರಕಾರ್ಯದ ಮುಖ್ಯ ಕೆಲಸ. ಸುಲಭವಾಗಿ ಕಾಣುವ ದಾರಿ ಅನುವಾದ. ರಾಜಧಾನಿ ಅಸುನ್ಸಿಯಾನ್ ಹತ್ತಿರದ ಒಂದು ಊರಿನಲ್ಲಿ ಎರಡೂ ಭಾಷೆ ಬಲ್ಲ ಒಬ್ಬ ಅಜ್ಜಿ ನನಗೆ ಹೇಳಿಕೊಡಲು ಒಪ್ಪಿದ್ದರು. ನಾನು ಸ್ಪ್ಯಾನಿಷ್ ವಾಕ್ಯಗಳ ಪಟ್ಟಿ ಮಾಡಿಕೊಂಡು ಹೋದೆ. ‘ನಾನು ಸ್ನಾನ ಮಾಡಿದೆ’ ಎಂಬುದನ್ನು ಸ್ಪ್ಯಾನಿಷ್‌ನಲ್ಲಿ ಹೇಳಿ, ಗ್ವಾರಾನಿಯಲ್ಲಿ ಹೇಗೆ ಎಂದು ಕೇಳಿದೆ. ಅವರು ‘ಅಜಹು ಕುರಿ’ ಅಂದರು. ಮುಂದಿನ ವಾಕ್ಯಕ್ಕೂ ಕುರಿ, ಅದರ ಮುಂದಿನದಕ್ಕೂ ಕುರಿ. ಪುಸ್ತಕದಲ್ಲಿ ‘ಕುರಿ: ಭೂತಕಾಲ’ ಎಂದು ಬರೆದು ಅಡಿಗೆರೆ ಎಳೆದೆ. ಮೇಡಂಗೆ ಬರೆದದ್ದು ಅದನ್ನೇ.

ಅದೇ ಸಂಜೆ ಅಂಗಳದಲ್ಲಿ ತೆರೆರೆ ಕುಡಿಯುತ್ತ ಕೂತಿದ್ದೆವು. ತಣ್ಣೀರಲ್ಲಿ ನೆನೆಸಿದ ಎಲೆಯ ಪಾನೀಯ ಅದು, ಒಂದೇ ಪಾತ್ರೆ ಎಲ್ಲರ ಕೈಗೂ ಸುತ್ತುತ್ತದೆ. ಪಕ್ಕದ ಮನೆಯಾಕೆ ಬಂದರು, ಅಜ್ಜಿ ಬೆಳಿಗ್ಗೆ ಸಂತೆಗೆ ಹೋದ ಕತೆ ಹೇಳತೊಡಗಿದರು. ‘ಅಹ’, ‘ಅಜೊಗುವಾ’, ‘ಅಜು’. ಹೋದೆ, ಕೊಂಡೆ, ಬಂದೆ ಎಂಬ ಅರ್ಥ. ಎಲ್ಲವೂ ಬರಿಯ ಕ್ರಿಯಾಪದ. ಕತೆ ಮುಗಿಯುವವರೆಗೆ ಒಂದು ಕುರಿಯೂ ಸುಳಿಯಲಿಲ್ಲ.

ಪತ್ರದಲ್ಲಿ ಹೀಗೆ ಬರೆದಿದ್ದೆ: ‘ಮೇಡಂ, ಕುರಿಯನ್ನು ಅಟ್ಟಿಕೊಂಡು ಬಂದದ್ದು ನಾನೇ.’

ಏನಾಗಿತ್ತೆಂದರೆ, ನನ್ನ ಸ್ಪ್ಯಾನಿಷ್ ವಾಕ್ಯದಲ್ಲಿ ಭೂತಕಾಲ ಎದ್ದು ಕಾಣುತ್ತಿತ್ತು. ಅಜ್ಜಿ ನಿಷ್ಠೆಯಿಂದ ಅದಕ್ಕೂ ಒಂದು ಪದ ಕೊಟ್ಟರು. ಇದನ್ನು ತಿರುಗಿಸಿ ನೋಡಿ. ಗ್ವಾರಾನಿಯವನೊಬ್ಬ ಕನ್ನಡ ಕಲಿಯಲು ಬಂದು, ‘ನೀನು ಸೇರದ ನಾವು ಅನ್ನೋದಕ್ಕೆ ಏನಂತೀರಿ?’ ಎಂದು ಕೇಳಿದರೆ ನಾವು ಒಂದು ಕ್ಷಣ ಯೋಚಿಸಿ ‘ನಿನ್ನ ಬಿಟ್ಟು ನಾವು’ ಅನ್ನುತ್ತೇವೆ. ಅವನು ಕನ್ನಡದಲ್ಲಿ ‘ನಿನ್ನಬಿಟ್ಟುನಾವು’ ಎಂಬ ಸರ್ವನಾಮ ಇದೆ ಎಂದು ಪುಸ್ತಕ ಬರೆಯುತ್ತಾನೆ! ಅನುವಾದದಿಂದ ತಿಳಿಯುವುದು ಒಂದು ವಿಷಯವನ್ನು ಆ ಭಾಷೆಯಲ್ಲಿ ಹೇಳಲು ಬರುತ್ತದೆಯೇ ಎಂಬುದು. ಹೇಳಲೇಬೇಕೇ ಎಂಬುದು ತಿಳಿಯುವುದಿಲ್ಲ. ಕಾಲಪ್ರತ್ಯಯದ ಗುಟ್ಟು ಇರುವುದು ಆ ‘ಲೇಬೇಕು’ ಎಂಬಲ್ಲಿ. ಕನ್ನಡದಲ್ಲಿ ‘ನಿನ್ನೆ ಸ್ನಾನ ಮಾಡ್ತೀನಿ’ ಅನ್ನಲು ಬರುವುದಿಲ್ಲ. ‘ನಿನ್ನೆ’ ಎಂದು ಆಗಲೇ ಹೇಳಿದ್ದರೂ ಕ್ರಿಯಾಪದ ಮತ್ತೆ ಅದನ್ನೇ ಹೇಳಬೇಕು. ಗ್ವಾರಾನಿಯಲ್ಲಿ ‘ಕುವೆಹೆ ಅಜಹು’ ಅಂದರೆ ಸಾಕು. ಕುರಿ ಬೇಕಾದರೆ ಸೇರಿಸಿಕೊಳ್ಳಬಹುದಾದ ಒಂದು ಸೂಚನೆ, ಈಚೆಗೆ ಆದದ್ದು ಎನ್ನುವಂಥದ್ದು. ಕಡ್ಡಾಯವಲ್ಲ.

ಮೊದಲು ಕತೆ, ಆಮೇಲೆ ವಾಕ್ಯ

ಹಾಗಾದರೆ ಕೇಳುವುದು ಹೇಗೆ? ಅರ್ಥಶೋಧನೆಯ ಕ್ಷೇತ್ರಕಾರ್ಯ ಮಾಡುವವರು ಹಿಡಿದಿರುವ ದಾರಿ ಇದು: ಮೊದಲು ಒಂದು ಸಂದರ್ಭವನ್ನು ಕತೆಯಂತೆ ಹೇಳಬೇಕು, ಆಮೇಲೆ ಆ ಭಾಷೆಯದೇ ಒಂದು ವಾಕ್ಯ ಕೊಟ್ಟು, ‘ಈ ಜಾಗದಲ್ಲಿ ನೀವು ಹೀಗೆ ಅನ್ನಬಹುದಾ?’ ಎಂದು ಕೇಳಬೇಕು. ಸಂದರ್ಭವನ್ನು ಸ್ಪ್ಯಾನಿಷ್‌ನಲ್ಲಿ ಹೇಳಿದರೂ ತೊಂದರೆಯಿಲ್ಲ, ಅದನ್ನು ಯಾರೂ ಅನುವಾದ ಮಾಡಬೇಕಾಗಿಲ್ಲ. ಪರೀಕ್ಷೆಗೆ ಇಡುವ ವಾಕ್ಯವನ್ನು ಮಾತ್ರ ಸ್ಪ್ಯಾನಿಷ್‌ನಲ್ಲಿ ಹೇಳಬಾರದು. ಅದರಲ್ಲಿ ನಿನ್ನೆ, ನಾಳೆ ಎಂಬ ಪದವೂ ಇರಬಾರದು, ಇದ್ದರೆ ಉತ್ತರ ಅಲ್ಲೇ ಸೋರಿಹೋಗುತ್ತದೆ.

ಎರಡನೇ ವಾರ ನಾನು ‘ಅಜಹು’ ಒಂದಕ್ಕೇ ಮೂರು ಸಂದರ್ಭ ಕಟ್ಟಿದೆ.

ಮೊದಲನೆಯದು: ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮ ಮಗಳು ಫೋನ್ ಮಾಡಿದಳು, ನೀವು ಎತ್ತಲಿಲ್ಲ. ಮಧ್ಯಾಹ್ನ ಮನೆಗೆ ಬಂದವಳು ಯಾಕೆ ಎತ್ತಲಿಲ್ಲ ಎಂದು ಕೇಳುತ್ತಾಳೆ. ನೀವು ‘ಅಜಹು’ ಅನ್ನಬಹುದಾ? ಅನ್ನಬಹುದು.

ಎರಡನೆಯದು: ನೀವು ಬಚ್ಚಲಲ್ಲಿದ್ದೀರಿ. ಯಾರೋ ಬಾಗಿಲು ತಟ್ಟಿ ಏನು ಮಾಡುತ್ತಿದ್ದೀರಿ ಎಂದು ಕೂಗುತ್ತಾರೆ. ‘ಅಜಹು’? ಅದಕ್ಕೂ ಆಗುತ್ತದೆ.

ಮೂರನೆಯದು: ಪಕ್ಕದ ಮನೆಯಾಕೆ ನಾಳೆ ಒಂಬತ್ತಕ್ಕೆ ಬರಲೇ ಎನ್ನುತ್ತಾರೆ. ಆ ಹೊತ್ತಿಗೆ ನಿಮ್ಮ ಸ್ನಾನ. ‘ಬೇಡ, ಅಜಹು’ ಅನ್ನಬಹುದಾ? ಅಜ್ಜಿ ತಲೆಯಾಡಿಸಿದರು. ಇಲ್ಲ.

ಮೂರು ಉತ್ತರ ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಕೂತವು. ನಿನ್ನೆಗೆ ಹೌದು, ಈಗಕ್ಕೆ ಹೌದು, ನಾಳೆಗೆ ಇಲ್ಲ.

‘ಇಲ್ಲ’ ಅಂದದ್ದು ಯಾತಕ್ಕೆ?

ನಾನು ಪುಸ್ತಕ ಮುಚ್ಚುವಷ್ಟರಲ್ಲಿ ಅಜ್ಜಿ ಮಾತು ಮುಂದುವರಿಸಿದರು. ಒಂಬತ್ತಕ್ಕೆ ಮನೆಗೆ ಜನ ಬರುತ್ತಾರೆ ಅಂದಮೇಲೆ ಎಂಟಕ್ಕೇ ಸ್ನಾನ ಮುಗಿಸಬೇಕಲ್ಲವೇ, ಬರಬೇಡ ಅನ್ನುವುದು ಯಾವ ಮರ್ಯಾದೆ?

ಅವರು ‘ಇಲ್ಲ’ ಅಂದದ್ದು ವ್ಯಾಕರಣಕ್ಕಲ್ಲ, ನನ್ನ ಕತೆಗೆ.

ಕ್ಷೇತ್ರಕಾರ್ಯದಲ್ಲಿ ಇದಕ್ಕಿಂತ ಕಷ್ಟದ ಜಾಗ ನನಗೆ ಗೊತ್ತಿಲ್ಲ. ‘ಇಲ್ಲ’ ಎಂಬುದು ಒಂದೇ ಮಾತು, ಅದರ ಹಿಂದಿನ ಕಾರಣ ಹತ್ತಾರು: ವಾಕ್ಯ ತಪ್ಪು, ಸಂದರ್ಭ ನಂಬುವಂತಿಲ್ಲ, ಹಾಗಂದರೆ ಒರಟಾಗುತ್ತದೆ, ಬೇರೆ ಪದ ಇನ್ನೂ ಚೆನ್ನ, ಇಲ್ಲವೇ ಕೇಳುವವನ ಉಚ್ಚಾರಣೆ ಸರಿಯಿಲ್ಲ. ‘ಹೌದು’ ಕೂಡ ಅಷ್ಟೇ ಜಾರುವಂಥದ್ದು. ದೂರದಿಂದ ಬಂದ ಹುಡುಗ, ಬೇಸರ ಯಾಕೆ ಮಾಡಬೇಕು ಎಂದು ಒಪ್ಪಿಬಿಡಬಹುದು. ‘ಅರ್ಥ ಆಗುತ್ತೆ’ ಎನ್ನುವ ಹೌದು ಒಂದು, ‘ನಾವು ಹಾಗೇ ಅನ್ನೋದು’ ಎನ್ನುವ ಹೌದು ಇನ್ನೊಂದು.

ಆ ಗಂಟು ಬಿಡಿಸುವುದು ಜೋಡಿ ವಾಕ್ಯಗಳಿಂದ. ಅದೇ ಸಂದರ್ಭ ಇಟ್ಟುಕೊಂಡು ವಾಕ್ಯದಲ್ಲಿ ಒಂದೇ ಒಂದು ತುಂಡು ಬದಲಿಸಬೇಕು. ಮುಂದೆ ಆಗುವುದನ್ನು ಹೇಳಲು ಗ್ವಾರಾನಿ ಕ್ರಿಯಾಪದದ ಕೊನೆಗೆ ‘ತ’ ಸೇರಿಸುತ್ತದೆ: ‘ಅಜಹುತ’. ನನ್ನ ಮೂರನೇ ಸಂದರ್ಭದಲ್ಲಿ ‘ಅಜಹುತ’ ಕೊಟ್ಟಾಗಲೂ ‘ಇಲ್ಲ’ ಬಂದರೆ ತಪ್ಪು ಕತೆಯದು. ‘ಅಜಹುತ’ಕ್ಕೆ ಹೌದು, ‘ಅಜಹು’ಗೆ ಇಲ್ಲ ಎಂದು ಬಂದರೆ ಮಾತ್ರ ಆ ‘ತ’ದ ಬಗ್ಗೆ ಏನಾದರೂ ತಿಳಿದಂತೆ.

ಕತೆ ಬದಲಿಸಿದೆ. ನಾಳೆ ಹಬ್ಬ, ಮನೆಯಲ್ಲಿ ಒಂದೇ ಬಚ್ಚಲು, ಯಾರು ಯಾವಾಗ ಸ್ನಾನಕ್ಕೆ ಹೋಗುವುದು ಎಂದು ಮನೆಯವರೆಲ್ಲ ಕೂತು ಸರದಿ ಮಾಡುತ್ತಿದ್ದಾರೆ. ಈ ಸಲ ಅಜ್ಜಿ ತಡವರಿಸಲಿಲ್ಲ. ‘ಅಜಹುತ’ ಸರಿ, ‘ಅಜಹು’ ಸರಿಯಲ್ಲ. ಹಾಗಾದರೆ ನೀವೇನಂತೀರಿ ಎಂದು ಕೇಳಿದೆ. ‘ಅಜಹುತ’ ಎಂದು ತಾವಾಗೇ ತಿದ್ದಿದರು. ತಿದ್ದಿಸಿಕೊಳ್ಳುವುದು ಮುಖ್ಯ, ಯಾವ ತುಂಡು ಅವರಿಗೆ ಚುಚ್ಚಿತು ಎಂಬುದು ಆಗ ಕಣ್ಣಿಗೆ ಬೀಳುತ್ತದೆ.

ನಡುನಡುವೆ ಖಂಡಿತ ತಪ್ಪಾದ ವಾಕ್ಯವನ್ನೂ ಒಂದೊಂದು ಸೇರಿಸಿದೆ. ‘ಶೆ ಒಜಹು’ ಅಂದರೆ ‘ನಾನು ಸ್ನಾನ ಮಾಡಿದನು’ ಅಂದ ಹಾಗೆ. ಅಜ್ಜಿ ನಕ್ಕರು. ಅದಕ್ಕೂ ಅವರು ಹೌದು ಅಂದಿದ್ದರೆ ಆ ದಿನದ ಹೌದುಗಳನ್ನೆಲ್ಲ ಬದಿಗಿಡಬೇಕಾಗುತ್ತಿತ್ತು. ಅವೇ ಪ್ರಶ್ನೆಗಳನ್ನು ಬೇರೆ ದಿನ, ಬೇರೆ ಕ್ರಮದಲ್ಲಿ, ಬೇರೆಯವರ ಹತ್ತಿರವೂ ಕೇಳಬೇಕು. ಬೇಸರದ ಕೆಲಸ. ಗಂಟೆಗಟ್ಟಲೆ ಕೂತರೂ ಕೈಗೆ ಸಿಗುವುದು ನಾಲ್ಕಾರು ಗಟ್ಟಿ ಉತ್ತರ.

ಕಿವಿಗೆ ಕೇಳದ ಪ್ರತ್ಯಯ

ಪತ್ರದ ಕೊನೆಯ ಭಾಗದಲ್ಲಿ ನಾನು ಮೇಡಂಗೆ ಕೇಳಿದ ಪ್ರಶ್ನೆ ಇದು: ಬರಿಯ ‘ಅಜಹು’ ನಿನ್ನೆಗೂ ಈಗಕ್ಕೂ ಒಗ್ಗುತ್ತದೆ, ನಾಳೆಗೆ ಒಗ್ಗುವುದಿಲ್ಲ. ಪ್ರತ್ಯಯವೇ ಇಲ್ಲದಿದ್ದರೆ ನಾಳೆಯನ್ನು ತಡೆಯುತ್ತಿರುವುದು ಯಾರು?

ಒಂದು ಉತ್ತರ, ಪ್ರತ್ಯಯ ಇದೆ, ಕಿವಿಗೆ ಕೇಳುವುದಿಲ್ಲ ಎಂಬುದು. ತಮಾಷೆಯಲ್ಲ. ಕನ್ನಡದ ‘ಬಾ’ ನೋಡಿ. ಅದರಲ್ಲಿ ‘ನೀನು’ ಎಂಬ ಪ್ರತ್ಯಯ ಎಲ್ಲೂ ಕಾಣದು, ಆದರೂ ಅದು ಒಬ್ಬನಿಗೇ ಹೇಳಿದ ಮಾತು, ಇಬ್ಬರಿದ್ದರೆ ‘ಬನ್ನಿ’ ಆಗಬೇಕು. ಏನೂ ಇಲ್ಲದಿರುವುದೇ ಅಲ್ಲಿ ಅರ್ಥ ಹೊತ್ತಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸ್ಟಾಟ್ಲಿಯಮ್‌ಕೆಟ್ಸ್ ಎಂಬ ಭಾಷೆಯಿದೆ. ಅಲ್ಲೂ ಬರಿಯ ಕ್ರಿಯಾಪದ ನಿನ್ನೆಗೂ ಈಗಕ್ಕೂ ಬರುತ್ತದೆ, ನಾಳೆಗೆ ಬೇರೊಂದು ಪದ ಸೇರಿಸಲೇಬೇಕು. ಭಾಷಾವಿಜ್ಞಾನಿ ಲೀಸಾ ಮ್ಯಾಥ್ಯೂಸನ್ 2006ರಲ್ಲಿ ಆ ಭಾಷೆಯ ಬಗ್ಗೆ ಬರೆಯುತ್ತ, ‘ಭವಿಷ್ಯವಲ್ಲ’ ಎಂಬ ಅರ್ಥದ ಮೌನ ಕಾಲಪ್ರತ್ಯಯ ಪ್ರತಿ ವಾಕ್ಯದಲ್ಲೂ ಇದೆ ಎಂದು ವಾದಿಸಿದರು. ಜೂಡಿತ್ ಟೋನ್‌ಹೌಸರ್ 2011ರಲ್ಲಿ ಅದೇ ವಿಶ್ಲೇಷಣೆಯನ್ನು ಗ್ವಾರಾನಿಗೆ ಹಚ್ಚಿ ನೋಡಿ, ಇಲ್ಲಿ ಅದು ಬೇಡ, ಸಮಯವನ್ನು ನಿಲ್ಲಿಸುವುದು ಸಂದರ್ಭ ಮತ್ತು ನಿನ್ನೆ, ನಾಳೆಯಂಥ ಪದಗಳು ಮಾತ್ರ ಎಂಬ ನಿಲುವಿಗೆ ಬಂದರು.

ಕೇಳದ ವಸ್ತು ಇದೆಯೋ ಇಲ್ಲವೋ ಎಂದು ಪರೀಕ್ಷಿಸುವುದು ಹೇಗೆ? ಅದು ಮಾಡಬೇಕಾದ ಕೆಲಸವನ್ನು ಎಲ್ಲ ಕಡೆಯೂ ಮಾಡುತ್ತಿದೆಯೇ ಎಂದು ನೋಡಬೇಕು. ಮೌನ ಪ್ರತ್ಯಯವೊಂದು ಭವಿಷ್ಯವನ್ನು ತಡೆಯುತ್ತಿದೆ ಎಂದಾದರೆ ಬರಿಯ ಕ್ರಿಯಾಪದ ಎಲ್ಲೂ ಭವಿಷ್ಯಕ್ಕೆ ಸಲ್ಲಬಾರದು. ಒಂದು ಕಡೆ ಸಂದರ್ಭದ ಬಲದಿಂದ ಸಂದರೆ ತಡೆಯುತ್ತಿರುವುದು ಪ್ರತ್ಯಯವಲ್ಲ.

ನನಗೆ ಅಂಥ ವಾಕ್ಯ ಸಿಕ್ಕಿತ್ತು, ಹಿಗ್ಗಿದ್ದೆ ಕೂಡ. ‘ಒಕಿ ರಾಮೋ, ಂದಹಮೋಆಇ.’ ಮಳೆ ಬಂದರೆ ನಾನು ಹೋಗುವುದಿಲ್ಲ. ‘ಒಕಿ’ ಅಂದರೆ ಮಳೆ ಬರು, ಅದರ ಕೊನೆಯ ಸ್ವರ ನಮ್ಮ ಇಕಾರ ಉಕಾರಗಳ ನಡುವಿನದು, ಬರೆಯಲು ನಮ್ಮಲ್ಲಿ ಅಕ್ಷರ ಇಲ್ಲ. ಮಳೆ ಇನ್ನೂ ಬಂದಿಲ್ಲ, ಬರುವುದಾದರೆ ನಾಳೆ, ಆದರೂ ‘ಒಕಿ’ಗೆ ‘ತ’ ಇಲ್ಲ. ಬರಿಯ ಕ್ರಿಯಾಪದ ಭವಿಷ್ಯಕ್ಕೆ ಸಂದಿತು ನೋಡಿ ಎಂದು ಮೇಡಂಗೆ ದೊಡ್ಡ ಅಕ್ಷರದಲ್ಲಿ ಬರೆದೆ. ಮೌನ ಪ್ರತ್ಯಯದ ಕತೆ ಮುಗಿಯಿತು ಎಂದೂ ಸೇರಿಸಿದೆ.

ಮೇಡಂ ಕಳಿಸಿದ ಉತ್ತರ

ನನ್ನ ಪತ್ರ ಅಂಚಿನ ತುಂಬ ಬರಹ ಹೊತ್ತು ವಾಪಸ್ ಬಂತು. ಮಳೆಯ ವಾಕ್ಯದ ಪಕ್ಕ ಹೀಗಿತ್ತು: ‘“ಮಳೆ ಬಂದರೆ ನಾಳೆ ಹೋಗಲ್ಲ” ಅಂತೀಯಲ್ಲ, ಅದರಲ್ಲಿ “ಬಂದ” ಯಾವ ರೂಪ? ಭೂತಕಾಲದ್ದು. ನಾಳೆಯ ಮಳೆಗೆ ಭೂತಕಾಲದ ರೂಪ ಹಾಕ್ತೀವಿ ಅಂತ ಕನ್ನಡದಲ್ಲಿ ಕಾಲಪ್ರತ್ಯಯ ಇಲ್ಲ ಅಂದುಬಿಡೋದಾ?’

ಅವರು ಹೇಳಿದ್ದು ಸರಿಯಾಗಿತ್ತು. ‘ರೆ’ ಹಚ್ಚಿದ ಅಧೀನ ವಾಕ್ಯಗಳಲ್ಲಿ ಕಾಲಪ್ರತ್ಯಯ ಇರುವ ಭಾಷೆಗಳೂ ಬೇರೆಯಾಗಿ ನಡೆದುಕೊಳ್ಳುತ್ತವೆ, ಹಾಗಾಗಿ ಆ ಜಾಗದ ಸಾಕ್ಷ್ಯ ಯಾವ ಕಡೆಗೂ ತೂಗುವುದಿಲ್ಲ. ಬೇಕಾದದ್ದು ಪೂರ್ಣ ವಾಕ್ಯ. ಮೊದಲ ವಾಕ್ಯದಲ್ಲಿ ‘ತ’ ಇಟ್ಟು ನಾಳೆಯ ಹಬ್ಬವನ್ನು ಕಣ್ಣ ಮುಂದೆ ತರಬೇಕು, ಅದರ ಬೆನ್ನಿಗೇ ಬರಿಯ ಕ್ರಿಯಾಪದದ ಎರಡನೇ ವಾಕ್ಯ ಕೊಟ್ಟು, ಇದು ಅದೇ ನಾಳೆಯ ಮಾತಾಗಿ ಕೇಳುತ್ತದೆಯೇ ಎಂದು ಕೇಳಬೇಕು. ಅದನ್ನೂ ಜೋಡಿಯಾಗಿ, ‘ತ’ ಇದ್ದು ಒಮ್ಮೆ, ಇಲ್ಲದೆ ಒಮ್ಮೆ. ಮುಂದಿನ ಎರಡು ವಾರ ನಾನು ಕಟ್ಟಿದ್ದು ಅಂಥ ಕತೆಗಳನ್ನೇ.

ಪತ್ರದ ಮೊದಲ ಪುಟದಲ್ಲಿ, ‘ಭೂತದ ಅರ್ಥದಲ್ಲಿ ಅಜಹುವನ್ನು ಅಜ್ಜಿ ಒಪ್ಪಿದರು’ ಎಂದು ಬರೆದಿದ್ದ ಸಾಲಿನಲ್ಲಿ ‘ಒಪ್ಪಿದರು’ ಪದಕ್ಕೆ ಕೆಂಪು ಸುತ್ತು ಇತ್ತು. ಕೆಳಗೆ ಎರಡು ಸಾಲು: ‘ನೋಡಪ್ಪ, ಯಾವ ಕತೆ ಹೇಳಿ ಕೇಳಿದೆ ಅಂತ ಪ್ರತಿ ಸಲವೂ ಬರಿ. ಕತೆ ಇಲ್ಲದ ಹೌದು ನನಗೆ ಬೇಡ.’